ಪೇಟೆ ಬೀದಿಯಲ್ಲಿ ವೈಫೈ ಸ್ಲೋ ಆಗ್ತಿದೆಯಾ? ರೂಟರ್‌ನಲ್ಲಿ 40 ತೆಗೆದು 20 ಇಟ್ಟು ನೋಡಿ

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದಾಗ ವೈಫೈ ಜೋರಾಗಿರುತ್ತೆ. ಸಂಜೆ ಆರಾದ ಮೇಲೆ ಅದೇ ಕನೆಕ್ಷನ್‌ನಲ್ಲಿ ಬಿಲ್ಲಿಂಗ್ ಕಂಪ್ಯೂಟರ್ ಸುತ್ತುತ್ತಾ ಕೂರುತ್ತೆ, ಗಿರಾಕಿ ಫೋನ್ ಹಿಡಿದು "ಪೇಮೆಂಟ್ ಹೋಯ್ತಾ ನೋಡಿ ಅಣ್ಣ" ಅಂತ ನಿಂತಿರ್ತಾರೆ. ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದ್ರೆ ಲೈನ್ ಸರಿ ಇದೆ ಅಂತಾರೆ. ಎಷ್ಟೋ ಸಲ ಅವರು ಹೇಳೋದು ನಿಜವೇ. ತೊಂದರೆ ಇರೋದು ಲೈನಿನಲ್ಲಲ್ಲ, ರೂಟರ್‌ನ ಒಂದು ಸೆಟ್ಟಿಂಗ್‌ನಲ್ಲಿ. ಅದರ ಹೆಸರು Channel Width.

ಹೆಚ್ಚಿನ ಅಂಗಡಿಗಳ ವೈಫೈ ಓಡೋದು 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ. ಇಲ್ಲಿ ಇರುವ ಒಟ್ಟು ಜಾಗ ಸುಮಾರು 83 ಮೆಗಾಹರ್ಟ್ಸ್ ಮಾತ್ರ. ಸೆಟ್ಟಿಂಗ್‌ನಲ್ಲಿ 1ರಿಂದ 13ರವರೆಗೆ ಚಾನೆಲ್ ಕಾಣಿಸಿದ್ರೂ ಅವು 5 ಮೆಗಾಹರ್ಟ್ಸ್ ಅಂತರದಲ್ಲಿ ಒಂದರ ಮೇಲೊಂದು ಕೂತಿವೆ. 20 ಮೆಗಾಹರ್ಟ್ಸ್ ಅಗಲದ ರೂಟರ್‌ಗಳು ಒಂದಕ್ಕೊಂದು ತಾಗದೆ ಕೂರಬೇಕಾದ್ರೆ ಮೂರೇ ಜಾಗ: 1, 6, 11. ಸಂತೆಯಲ್ಲಿ ಮೂರು ಜನ ತಟ್ಟು ಹಾಸುವ ಜಾಗ ಅಂದುಕೊಳ್ಳಿ. ಅಗಲವನ್ನು 40ಕ್ಕೆ ಇಟ್ಟ ಒಬ್ಬ ಅಂಗಡಿಯವ ಎರಡು ಜನರ ಜಾಗಕ್ಕೆ ತಟ್ಟು ಹಾಸ್ತಾನೆ. ಉಳಿದ ಹತ್ತು ಹದಿನೈದು ಜನ ಎಲ್ಲಿ ಕೂರಬೇಕು?

ಇನ್ನೊಂದು ವಿಷಯ ಗಮನಿಸಿ. ವೈಫೈ ರೂಟರ್ ತನ್ನ ಪಾಡಿಗೆ ಮಾತಾಡ್ತಾ ಹೋಗಲ್ಲ. ಮೊದಲು ಕಿವಿ ಕೊಟ್ಟು ಕೇಳುತ್ತೆ, ಪಕ್ಕದ ರೂಟರ್ ಮಾತಾಡ್ತಿದ್ರೆ ಮುಗಿಯೋವರೆಗೆ ಕಾಯುತ್ತೆ. 20ರಲ್ಲಿದ್ರೆ ತನ್ನ ಚಾನೆಲ್‌ನಲ್ಲಿರೋರು ಸುಮ್ಮನಾದ್ರೆ ಸಾಕು. 40ರ ಪೂರ್ತಿ ಅಗಲದಲ್ಲಿ ಕಳಿಸಬೇಕಾದ್ರೆ ಎರಡೂ ಅರ್ಧ ಒಟ್ಟಿಗೆ ಖಾಲಿ ಇರಬೇಕು. ಸಂಜೆ ಹೊತ್ತು ಪೇಟೆಯಲ್ಲಿ ಅಂಥ ಗಳಿಗೆ ಸಿಗೋದು ಅಪರೂಪ. ಪಕ್ಕದವರ ಸಿಗ್ನಲ್ ಸರಿಯಾಗಿ ಕೇಳದೆ ಮಾತಾಡಿಬಿಟ್ರೆ ಎರಡೂ ಡಿಕ್ಕಿ ಹೊಡೆದು ಇಬ್ಬರೂ ಮತ್ತೆ ಕಳಿಸಬೇಕು. ಅಲ್ಲದೆ, ರೂಟರ್‌ನ ಶಕ್ತಿ ಅಷ್ಟೇ ಇದ್ದು ಅದು ಎರಡರಷ್ಟು ಅಗಲಕ್ಕೆ ಹಂಚಿಹೋಗುವುದರಿಂದ ಗೋಡಾನ್‌ನಂಥ ದೂರದ ಮೂಲೆಗೆ ಸಿಗ್ನಲ್ ಇನ್ನೂ ಸೊರಗುತ್ತೆ.

ಲೆಕ್ಕ ಹಾಕಿ ನೋಡೋಣ. ಎರಡು ಆಂಟೆನಾದ ಹಳೇ ರೂಟರ್, 50 ಎಂಬಿಪಿಎಸ್ ಪ್ಲಾನ್ ಅಂತಿಟ್ಕೊಳ್ಳಿ. 40ರಲ್ಲಿಟ್ರೆ ಕಂಪ್ಯೂಟರ್‌ನಲ್ಲಿ ಲಿಂಕ್ ಸ್ಪೀಡ್ 300 ಅಂತ ಕಾಣುತ್ತೆ, 20ರಲ್ಲಿ 144. ನೋಡೋಕೆ 300 ಚೆಂದ. ಆದರೆ ಅದು ಬೀದಿ ಖಾಲಿ ಇದ್ದಾಗಿನ ಗರಿಷ್ಠ ಲೆಕ್ಕ. ನಿಜವಾಗಿ ಕೈಗೆ ಸಿಗೋದು ಸಾಮಾನ್ಯವಾಗಿ ಅದರ ಅರ್ಧದಷ್ಟು. 144ರ ಅರ್ಧ ಅಂದ್ರೂ 72 ಆಯ್ತು. 50ರ ಪ್ಲಾನಿಗೆ ಅಷ್ಟು ಸಾಕಲ್ವಾ? ಯುಪಿಐ ಪೇಮೆಂಟಿಗಂತೂ ಬೇಕಾದ ಡೇಟಾ ಅತಿ ಕಡಿಮೆ. ಅದಕ್ಕೆ ಬೇಕಾದ್ದು ಅಗಲ ಅಲ್ಲ, ಬೇಗ ಸರದಿ ಸಿಗೋದು.

ಬದಲಾಯಿಸೋದು ಹೇಗೆ? ಬ್ರೌಸರ್‌ನಲ್ಲಿ 192.168.1.1 ಅಥವಾ ರೂಟರ್ ತಳದ ಚೀಟಿಯಲ್ಲಿರುವ ವಿಳಾಸ ಹಾಕಿ. ಲಾಗಿನ್ ಹೆಸರು, ಪಾಸ್‌ವರ್ಡ್ ಕೂಡ ಸಾಮಾನ್ಯವಾಗಿ ಅಲ್ಲೇ ಇರುತ್ತೆ. Wireless ಅಥವಾ WLAN ಅನ್ನೋ ಕಡೆ 2.4 GHz ತೆಗೆದು, Channel Width (ಕೆಲವದರಲ್ಲಿ Bandwidth) ಅನ್ನು 20 MHz ಮಾಡಿ. Auto ಅಥವಾ 20/40 MHz ಅಂತ ಇದ್ರೆ ನಂಬಬೇಡಿ. ಅಕ್ಕಪಕ್ಕ ರೂಟರ್ ಇದ್ರೆ ತಾನೇ 20ಕ್ಕೆ ಇಳಿಯಬೇಕು ಅನ್ನೋದು ನಿಯಮ, ಆದರೆ ಎಲ್ಲ ರೂಟರ್‌ಗಳೂ ಅದನ್ನು ಪಾಲಿಸಲ್ಲ. ಆಮೇಲೆ ಆಂಡ್ರಾಯ್ಡ್ ಫೋನ್‌ಗೆ ಯಾವುದಾದ್ರೂ ವೈಫೈ ಅನಲೈಸರ್ ಆ್ಯಪ್ ಹಾಕಿಕೊಂಡು, ಸಂಜೆ ವ್ಯಾಪಾರದ ಹೊತ್ತಲ್ಲೇ ನೋಡಿ. 1, 6, 11ರಲ್ಲಿ ಯಾವುದು ಕಡಿಮೆ ತುಂಬಿದೆಯೋ ಅದನ್ನು ಆರಿಸಿ. 3, 4, 8 ಅಂತ ಮಧ್ಯದಲ್ಲಿ ಹೋಗಿ ಕೂರಬೇಡಿ, ಎರಡೂ ಕಡೆಯವರ ಗಲಾಟೆ ನಿಮಗೇ ಬರುತ್ತೆ.

ರೂಟರ್‌ನಲ್ಲಿ 5 ಗಿಗಾಹರ್ಟ್ಸ್ ಇದ್ರೆ ಬಿಲ್ಲಿಂಗ್ ಕಂಪ್ಯೂಟರ್ ಮತ್ತು ಫೋನ್‌ಗಳನ್ನು ಅದಕ್ಕೇ ಹಾಕಿ. ಅಲ್ಲಿ ಜಾಗ ಜಾಸ್ತಿ, 40 ಅಥವಾ 80 ಅಗಲ ಇಟ್ಟರೂ ಸಾಮಾನ್ಯವಾಗಿ ತೊಂದರೆ ಇಲ್ಲ. ಒಂದೇ ಕಾಂಪ್ಲೆಕ್ಸ್‌ನಲ್ಲಿ ಸಾಲು ಸಾಲು ಅಂಗಡಿ ಇದ್ರೆ ಮಾತ್ರ 40 ಸಾಕು. 160ರ ಆಸೆ ಬೇಡ. 5 ಗಿಗಾಹರ್ಟ್ಸ್ ಸಿಗ್ನಲ್ ಗೋಡೆ ದಾಟೋದು ಕಷ್ಟ ಅಂತ ಬೈಯೋರಿದ್ದಾರೆ. ಪೇಟೆಯಲ್ಲಿ ಅದೇ ಅನುಕೂಲ, ಪಕ್ಕದವರ ಸಿಗ್ನಲ್ಲೂ ನಿಮ್ಮ ಕಡೆ ಅಷ್ಟಾಗಿ ಬರಲ್ಲ. ಹಳೇ ಪ್ರಿಂಟರ್, ವೈಫೈ ಕ್ಯಾಮೆರಾ ಮುಂತಾದವಕ್ಕೆ 5 ಹಿಡಿಯದಿದ್ರೆ ಅವು 2.4ರಲ್ಲೇ ಇರಲಿ.

ಇಷ್ಟು ಮಾಡಿದ್ಮೇಲೂ ಸಂಜೆ ಸ್ಲೋ ಅಂದ್ರೆ, ಲ್ಯಾನ್ ವೈರನ್ನು ರೂಟರ್‌ನಿಂದ ನೇರ ಕಂಪ್ಯೂಟರ್‌ಗೆ ಚುಚ್ಚಿ ಸ್ಪೀಡ್ ಟೆಸ್ಟ್ ಮಾಡಿ. ವೈರ್‌ನಲ್ಲೂ ಕಡಿಮೆ ಬಂದ್ರೆ ಅದು ವೈಫೈ ತೊಂದರೆ ಅಲ್ಲ, ಲೈನಿನದು. ಆ ರಿಸಲ್ಟಿನ ಸ್ಕ್ರೀನ್‌ಶಾಟ್ ತೆಗೆದಿಟ್ಕೊಂಡೇ ಕಂಪನಿಗೆ ದೂರು ಕೊಡಿ.