ಗುಲಾಬಿಯೋ ಹೆಬ್ಬೇವೋ: ಶೇಕಡಾ 11ರ ಗಡಿ

ಚಿಕ್ಕಬಳ್ಳಾಪುರದ ಕಡೆ ಇಬ್ಬರು ಅಣ್ಣತಮ್ಮಂದಿರು, ಪಾಲಾದ ಮೇಲೆ ತಲಾ ಮೂರು ಎಕರೆ ಎಂದಿಟ್ಟುಕೊಳ್ಳಿ. ಒಂದೇ ಮಣ್ಣು, ಒಂದೇ ನೀರು. ಬೋರ್‌ವೆಲ್, ಡ್ರಿಪ್, ಬೇಲಿ, ಸಸಿ ಎಲ್ಲ ಸೇರಿ ಹತ್ತು ಲಕ್ಷ ಹಾಕಲು ಇಬ್ಬರೂ ತಯಾರು. ಗುಲಾಬಿ ಹಾಕಿದರೆ ಕೂಲಿ, ಗೊಬ್ಬರ, ಮಂಡಿಯ ಕಮಿಷನ್ ಕಳೆದು ವರ್ಷಕ್ಕೆ 2.9 ಲಕ್ಷದಂತೆ ಆರು ವರ್ಷ ಕೈಗೆ ಬರುತ್ತದೆ. ಆಮೇಲೆ ಗಿಡ ಕೀಳಬೇಕು. ಹೆಬ್ಬೇವು ನೆಟ್ಟರೆ ನಡುವೆ ಬಿಡಿಗಾಸೂ ಇಲ್ಲ. ಆರನೆಯ ವರ್ಷದ ಕೊನೆಗೆ ಪ್ಲೈವುಡ್ ಕಾರ್ಖಾನೆಯವರು ಮರ ಕಡಿದುಕೊಂಡು ಹೋದಾಗ ಒಂದೇ ಗಂಟಾಗಿ 23 ಲಕ್ಷ. ಈ ಅಂಕಿಗಳು ಲೆಕ್ಕ ತಿಳಿಯಲೆಂದು ನಾನು ಹಿಡಿದವು. ಇವನ್ನು ನಂಬಿ ಯಾರೂ ನರ್ಸರಿಗೆ ಹೋಗಬೇಡಿ. ಮೂರು ಎಕರೆಯನ್ನು ಎರಡಕ್ಕೂ ಹಂಚುವ ಮಾತನ್ನೂ ಸದ್ಯಕ್ಕೆ ಬಿಡೋಣ.

ಅಣ್ಣ ನಿವೃತ್ತ ಮೇಷ್ಟ್ರು. ಹತ್ತು ಲಕ್ಷ ಅವರದೇ, ಬ್ಯಾಂಕಿನ ಎಫ್‌ಡಿಯಲ್ಲಿ ಶೇಕಡಾ 7ಕ್ಕೆ ಕೂತಿದೆ. ತಮ್ಮನ ಹತ್ತಿರ ದುಡ್ಡಿಲ್ಲ, ಶೇಕಡಾ 13ರ ಸಾಲ ತರಬೇಕು.

ಇಂಥ ಕಡೆ ಬ್ಯಾಂಕಿನವರೂ ಲೆಕ್ಕಪರಿಶೋಧಕರೂ ಸಾಮಾನ್ಯವಾಗಿ ಎರಡು ಅಳತೆ ಹಿಡಿಯುತ್ತಾರೆ. ಒಂದು, ನಿವ್ವಳ ವರ್ತಮಾನ ಮೌಲ್ಯ, ಅಂದರೆ ಎನ್‌ಪಿವಿ. ಮುಂದೆ ಬರುವ ಪ್ರತಿಯೊಂದು ಮೊತ್ತಕ್ಕೂ ನಡುವಿನ ವರ್ಷಗಳ ಬಡ್ಡಿ ಕಳೆದು ಅದನ್ನು ಇವತ್ತಿನ ಬೆಲೆಗೆ ಇಳಿಸುವುದು, ಎಲ್ಲವನ್ನೂ ಕೂಡಿ ಹಾಕಿದ ಬಂಡವಾಳ ಕಳೆಯುವುದು. ಉಳಿದದ್ದು ರೂಪಾಯಿಯಲ್ಲಿ ಸಿಗುವ ಲಾಭ. ಇನ್ನೊಂದು, ಆಂತರಿಕ ಪ್ರತಿಫಲ ದರ, ಐಆರ್‌ಆರ್. ಯಾವ ಬಡ್ಡಿ ದರ ಹಿಡಿದರೆ ಆ ಲಾಭ ಸರಿಯಾಗಿ ಸೊನ್ನೆಯಾಗುತ್ತದೋ ಆ ದರ. ಮೊದಲನೆಯದಕ್ಕೆ ನಿಮ್ಮ ಬಡ್ಡಿ ಎಷ್ಟೆಂದು ಹೇಳಬೇಕು. ಎರಡನೆಯದಕ್ಕೆ ಏನನ್ನೂ ಹೇಳಬೇಕಾಗಿಲ್ಲ. ಅದಕ್ಕೇ ಜನಕ್ಕೆ ಎರಡನೆಯದರ ಮೇಲೆ ಮೋಹ ಜಾಸ್ತಿ ಎಂದು ನನ್ನ ಗುಮಾನಿ.

ಗುಲಾಬಿಯ ಐಆರ್‌ಆರ್ ಶೇಕಡಾ 18.6. ಹೆಬ್ಬೇವಿನದು 14.9. ಗುಲಾಬಿಯೇ ಮುಂದೆ, ಅದೂ ಇಬ್ಬರಿಗೂ. ಈಗ ಅಣ್ಣನ 7 ಶೇಕಡಾ ಹಿಡಿದು ಎನ್‌ಪಿವಿ ಮಾಡಿದರೆ ಗುಲಾಬಿಯಲ್ಲಿ 3.82 ಲಕ್ಷ, ಹೆಬ್ಬೇವಿನಲ್ಲಿ 5.33 ಲಕ್ಷ. ತಲೆಕೆಳಗು! ತಮ್ಮನ 13 ಶೇಕಡಾ ಹಿಡಿದರೆ ಗುಲಾಬಿಯಲ್ಲಿ 1.59 ಲಕ್ಷ, ಹೆಬ್ಬೇವಿನಲ್ಲಿ 1.05 ಲಕ್ಷ. ಇಲ್ಲಿ ಎರಡು ಅಳತೆಗೂ ಹೊಂದಾಣಿಕೆ ಇದೆ, ಅಣ್ಣನ ಮನೆಯಲ್ಲಿ ಮಾತ್ರ ಜಗಳ.

ಜಗಳ ಹುಟ್ಟಿದ್ದು ಎಲ್ಲಿ ಎಂದು ನೋಡಲು ಗುಲಾಬಿಯ 18.6 ಶೇಕಡಾವನ್ನು ವರ್ಷ ವರ್ಷವೂ ಬಿಡಿಸಬೇಕು. ಹಾಕಿದ್ದು ಹತ್ತು ಲಕ್ಷ. ವರ್ಷದ ಕೊನೆಗೆ 18.6 ಶೇಕಡಾ ಸೇರಿ 11.86 ಲಕ್ಷ. ಅದರಲ್ಲಿ 2.9 ಲಕ್ಷ ಕೈಗೆ ಬಂತು, ತೋಟದಲ್ಲಿ ಉಳಿದ ಬಂಡವಾಳ 8.96 ಲಕ್ಷ. ಎರಡನೆಯ ವರ್ಷದ ಕೊನೆಗೆ ಅದು 7.73 ಲಕ್ಷ, ಮೂರರ ಕೊನೆಗೆ 6.26, ನಾಲ್ಕರ ಕೊನೆಗೆ 4.53, ಐದರ ಕೊನೆಗೆ 2.47. ಆರನೆಯ ವರ್ಷ ಎರಡೂವರೆ ಲಕ್ಷಕ್ಕೂ ಕಡಿಮೆ ಹಣ ಮಾತ್ರ ಅಷ್ಟು ಜೋರಾಗಿ ದುಡಿಯುತ್ತಿರುತ್ತದೆ. ದರ ದೊಡ್ಡದು ನಿಜ, ಆದರೆ ಅದು ಅನ್ವಯಿಸುವ ಮೊತ್ತ ಕರಗುತ್ತಾ ಹೋಗುತ್ತದೆ. ಹೆಬ್ಬೇವಿನ 14.9 ಹಾಗಲ್ಲ. ಪೂರ್ತಿ ಹತ್ತು ಲಕ್ಷದ ಮೇಲೆ, ಚಕ್ರಬಡ್ಡಿಯಾಗಿ, ಆರೂ ವರ್ಷ ಓಡುತ್ತದೆ.

ಹಾಗಾದರೆ ಪ್ರಶ್ನೆ ತೋಟದಿಂದ ಹೊರಗೆ ಬಂತು: ಪ್ರತಿ ವರ್ಷ ಕೈಗೆ ಬಂದ ಆ 2.9 ಲಕ್ಷ ಏನು ಮಾಡುತ್ತಿದೆ? ಅಣ್ಣ ಅದನ್ನು ಪುನಃ ಶೇಕಡಾ 7ರ ಎಫ್‌ಡಿಗೆ ಹಾಕಿದರೆ ಆರನೆಯ ವರ್ಷದ ಕೊನೆಗೆ ಒಟ್ಟು 20.74 ಲಕ್ಷ, ಹೆಬ್ಬೇವಿನ 23ಕ್ಕಿಂತ ಕಡಿಮೆ. ತಮ್ಮ ಅದರಲ್ಲಿ ಶೇಕಡಾ 13ರ ಸಾಲ ತೀರಿಸುತ್ತಾನೆ. ತೀರಿಸಿದ ಪ್ರತಿ ರೂಪಾಯಿಯೂ ಅವನಿಗೆ 13 ಶೇಕಡಾ ಉಳಿಸುವುದರಿಂದ ಅದೇ ಕಂತುಗಳ ಬೆಲೆ 24.14 ಲಕ್ಷ. 23ಕ್ಕಿಂತ ಜಾಸ್ತಿ.

ಏಳಕ್ಕೆ ಹೆಬ್ಬೇವು, ಹದಿಮೂರಕ್ಕೆ ಗುಲಾಬಿ. ನಡುವೆ ಎಲ್ಲೋ ಒಂದು ಕಡೆ ಎರಡೂ ಸಮ ಆಗಲೇಬೇಕು. ಆ ದರಕ್ಕೇ ಕ್ರಾಸ್‌ಓವರ್ ದರ ಎನ್ನುತ್ತಾರೆ. ಬಡ್ಡಿ ದರವನ್ನು ಅಡ್ಡಕ್ಕೂ ಎನ್‌ಪಿವಿಯನ್ನು ಉದ್ದಕ್ಕೂ ಇಟ್ಟು ಎರಡು ಗೆರೆ ಎಳೆದರೆ ಅವು ಒಂದನ್ನೊಂದು ದಾಟುವ ಜಾಗ ಅದು. ದೂರದ ಹಣ ಬಡ್ಡಿ ಏರಿದಂತೆ ಬೇಗ ಬೆಲೆ ಕಳೆದುಕೊಳ್ಳುವುದರಿಂದ ಹೆಬ್ಬೇವಿನ ಗೆರೆ ಕಡಿದಾಗಿ ಇಳಿಯುತ್ತದೆ.

ಗೆರೆ ಎಳೆಯದೆ ಈ ದರವನ್ನು ಹಿಡಿಯುವ ದಾರಿ ಸರಳ. ಒಂದರಲ್ಲಿ ಇನ್ನೊಂದನ್ನು ಕಳೆಯಿರಿ. ಹೆಬ್ಬೇವಿನ ಸಾಲಿನಲ್ಲಿ ಗುಲಾಬಿಯ ಸಾಲನ್ನು ಕಳೆದರೆ ಮೊದಲ ಹತ್ತು ಲಕ್ಷ ಪರಸ್ಪರ ವಜಾ ಆಗುತ್ತದೆ. ಆಮೇಲೆ ಐದು ವರ್ಷ 2.9 ಲಕ್ಷದಂತೆ ಕೈಬಿಟ್ಟದ್ದು. ಆರನೆಯ ವರ್ಷ 23ರಲ್ಲಿ 2.9 ಕಳೆದು 20.1 ಲಕ್ಷ ಪಡೆದದ್ದು. ಈ ಸಾಲನ್ನು ನೋಡಿದೊಡನೆ ಗುರುತು ಸಿಗಬೇಕು: ಇದು ಆರ್‌ಡಿ. ವರ್ಷಕ್ಕೊಂದು ಕಂತು, ಐದು ಕಂತು, ಕೊನೆಗೊಂದು ಗಂಟು. ಗುಲಾಬಿ ಬಿಟ್ಟು ಹೆಬ್ಬೇವು ಆರಿಸಿದವನು ತಿಳಿದೋ ತಿಳಿಯದೆಯೋ ಈ ಆರ್‌ಡಿ ಕಟ್ಟುತ್ತಿದ್ದಾನೆ. ಅದು ಕೊಡುವ ಬಡ್ಡಿ ಶೇಕಡಾ 11.1. ಅದೇ ಕ್ರಾಸ್‌ಓವರ್ ದರ.

ಇನ್ನು ಐಆರ್‌ಆರ್ ಪಟ್ಟಿಯ 18.6, 14.9 ಎಲ್ಲ ಮರೆತರೂ ನಡೆಯುತ್ತದೆ. ಅಣ್ಣನನ್ನು ಕೇಳಿ: "ಬ್ಯಾಂಕು 7 ಕೊಡುವಾಗ 11 ಕೊಡುವ ಆರ್‌ಡಿ ಸಿಕ್ಕರೆ ಕಟ್ಟುತ್ತೀರಾ, ಮೇಷ್ಟ್ರೇ?" ಕಟ್ಟುತ್ತಾರೆ; ಹೆಬ್ಬೇವು ನೆಡಲಿ. ತಮ್ಮನಿಗೆ ಅದೇ ಸಾಲನ್ನು ಮಗುಚಿ ತೋರಿಸಬೇಕು. ಹೆಬ್ಬೇವು ಬಿಟ್ಟು ಗುಲಾಬಿ ಹಿಡಿದರೆ ಐದು ವರ್ಷ 2.9 ಲಕ್ಷದಂತೆ ಕೈಗೆ ಬಂದು ಆರನೆಯ ವರ್ಷ 20.1 ಲಕ್ಷ ಬಿಟ್ಟುಕೊಟ್ಟಂತೆ, ಅಂದರೆ ಶೇಕಡಾ 11.1ರ ಸಾಲ. ಹೊರಗೆ 13 ಕೊಡುತ್ತಿರುವವನಿಗೆ ಇದು ಅಗ್ಗದ ಸಾಲ, ತೆಗೆದುಕೊಳ್ಳಲಿ. ಜನ ಎಡವುವುದು ಇಲ್ಲೇ. ಯಾವುದರಲ್ಲಿ ಯಾವುದನ್ನು ಕಳೆದರೂ ದರ ಮಾತ್ರ 11.1ರಿಂದ ಅಲುಗುವುದಿಲ್ಲ, ಆದರೆ ತೀರ್ಪಿನ ನಿಯಮ ತಿರುಗಿಬೀಳುತ್ತದೆ. ಹಣ ಮೊದಲು ಹೋಗಿ ಆಮೇಲೆ ಬರುವಂತೆ ಕಳೆದಿದ್ದರೆ ದರ ದೊಡ್ಡದಿದ್ದಷ್ಟೂ ಒಳ್ಳೆಯದು. ಮೊದಲು ಬಂದು ಆಮೇಲೆ ಹೋಗುವಂತಿದ್ದರೆ ಚಿಕ್ಕದಿದ್ದಷ್ಟೂ ಒಳ್ಳೆಯದು.

ಎಕ್ಸೆಲ್ ಇಟ್ಟುಕೊಂಡವರು ಬಿ ಕಂಬದಲ್ಲಿ ಹೆಬ್ಬೇವು, ಸಿ ಕಂಬದಲ್ಲಿ ಗುಲಾಬಿ, ಡಿ ಕಂಬದಲ್ಲಿ ಎರಡರ ವ್ಯತ್ಯಾಸ ಬರೆದು, ಕೆಳಗೆ ಇಷ್ಟು ಹಾಕಿದರೆ ಸಾಕು:

```
=IRR(D2:D8)
```

ಈ ವಿಚಾರಕ್ಕೆ ನೂರು ವರ್ಷ ಮೀರಿದ ಚರಿತ್ರೆ ಇದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಇರ್ವಿಂಗ್ ಫಿಶರ್ ಬಡ್ಡಿಯ ಬಗ್ಗೆ 1907ರಲ್ಲೂ 1930ರಲ್ಲೂ ಬರೆದ ಪುಸ್ತಕಗಳಲ್ಲಿ ಆದಾಯದ ಎರಡು ಹರಿವುಗಳ ನಡುವಿನ ಆಯ್ಕೆಯನ್ನೇ ಕೈಗೆತ್ತಿಕೊಂಡ. ಅವನ ಉದಾಹರಣೆಯೂ ಜಮೀನಿನದೇ: ಒಂದೇ ನೆಲದಲ್ಲಿ ಬೇಸಾಯ ಮಾಡಬಹುದು, ಕಾಡು ಬೆಳೆಸಬಹುದು, ಗಣಿ ತೋಡಬಹುದು, ಯಾವುದು ಲಾಭ ಎಂಬುದು ಬಡ್ಡಿ ದರದ ಮೇಲೆ ನಿಂತಿದೆ. ಎರಡು ಹರಿವುಗಳನ್ನು ಸಮ ಮಾಡುವ ದರವನ್ನು ಅವನು ವೆಚ್ಚದ ಮೇಲಿನ ಪ್ರತಿಫಲ ದರ ಎಂದು ಕರೆದ. 1936ರಲ್ಲಿ ಕೇನ್ಸ್ ತನ್ನ ಬಂಡವಾಳದ ಲೆಕ್ಕವೂ ಇದೇ ಎಂದು ಹೇಳಿಕೊಂಡ. ಅಲ್ಲ, ಕೇನ್ಸ್‌ನದು ಒಂದು ಯೋಜನೆಯ ಒಳಗಿನ ದರ, ಫಿಶರನದು ಎರಡರ ನಡುವಿನ ದರ ಎಂದು 1955ರಲ್ಲಿ ಆರ್ಮೆನ್ ಆಲ್ಚಿಯನ್ ಬಿಡಿಸಿ ತೋರಿಸಬೇಕಾಯಿತು. ಕೇನ್ಸ್‌ನಂಥವನಿಗೇ ಕಲೆಸಿಹೋದದ್ದು ಸಾಲದ ಅರ್ಜಿಗಳಲ್ಲಿ ಕಲೆಸಿಹೋದರೆ ಆಶ್ಚರ್ಯವಿಲ್ಲ.

11.1 ಎಂಬ ಅಂಕಿಯನ್ನು ಕಲ್ಲಿನಲ್ಲಿ ಕೆತ್ತಿದಂತೆ ನೋಡಬಾರದು, ಯಾಕೆಂದರೆ ಅದು ತುಂಬಾ ಸೂಕ್ಷ್ಮ. ಮರದ ರೇಟು ಸ್ವಲ್ಪ ಬಿದ್ದು 23ರ ಬದಲು 21 ಲಕ್ಷ ಬಂತು ಎನ್ನಿ. ಹೆಬ್ಬೇವಿನ ಐಆರ್‌ಆರ್ 14.9ರಿಂದ 13.2ಕ್ಕೆ ಇಳಿಯುತ್ತದೆ, ಎರಡು ಅಂಕವೂ ಇಲ್ಲ. ಕ್ರಾಸ್‌ಓವರ್ ದರ ಮಾತ್ರ 11.1ರಿಂದ 7.5ಕ್ಕೆ ಕುಸಿಯುತ್ತದೆ. ಎರಡು ಯೋಜನೆಗಳಲ್ಲಿ ಸಮಾನವಾದದ್ದೆಲ್ಲ ಕಳೆದುಹೋಗಿ ವ್ಯತ್ಯಾಸವಷ್ಟೇ ಉಳಿದಿರುವುದರಿಂದ ಪೆಟ್ಟು ಪೂರ್ತಿ ಅದರ ಮೇಲೆ ಬೀಳುತ್ತದೆ. ಆಗಲೂ ಮೇಷ್ಟ್ರ 7 ಶೇಕಡಾದಲ್ಲಿ ಹೆಬ್ಬೇವೇ ಮುಂದೆ, ಆದರೆ ಹದಿನೇಳು ಸಾವಿರ ರೂಪಾಯಿಯಷ್ಟು ಮಾತ್ರ. ಆರು ವರ್ಷ ಕಾಯುವ ಬೆಳೆಯಲ್ಲಿ ಅದು ಲೆಕ್ಕಕ್ಕೇ ಅಲ್ಲ. ನನ್ನನ್ನು ಕೇಳಿದರೆ, ನಿಮ್ಮ ಬಡ್ಡಿಯೂ ಕ್ರಾಸ್‌ಓವರ್ ದರವೂ ಅಷ್ಟು ಹತ್ತಿರ ಬಂದಾಗ ಎನ್‌ಪಿವಿ ಬದಿಗಿಟ್ಟು ನೀರು, ಆಳು, ಬೆಲೆಯ ಏರಿಳಿತ ಇವುಗಳ ಮೇಲೆ ತೀರ್ಮಾನ ಮಾಡುವುದು ವಾಸಿ. ಎರಡರಲ್ಲಿ ಒಂದನ್ನಾದರೂ ಮಾಡಬೇಕೇ ಬೇಡವೇ ಎಂಬುದನ್ನೂ ಈ ದರ ಹೇಳುವುದಿಲ್ಲ. ಬಡ್ಡಿ 20 ಶೇಕಡಾ ಆಗಿದ್ದರೆ ಗುಲಾಬಿ ಹೆಬ್ಬೇವಿಗಿಂತ ಮೇಲು, ಆದರೆ ಎರಡೂ ನಷ್ಟವೇ.

ದಾಟುವ ಜಾಗ ಒಂದೇ ಇರುತ್ತದೆ ಎಂದೂ ಇಲ್ಲ. ಒಂದು ಯೋಜನೆ ಎಲ್ಲ ದರದಲ್ಲೂ ಮುಂದಿದ್ದರೆ ಗೆರೆಗಳು ದಾಟುವುದೇ ಇಲ್ಲ. ಕೆಲವೊಮ್ಮೆ ಎರಡು ಸಲ ದಾಟುತ್ತವೆ. ಶಿಕಾಗೋ ವಿಶ್ವವಿದ್ಯಾಲಯದ ಜೇಮ್ಸ್ ಲೋರಿ, ಲಿಯೊನಾರ್ಡ್ ಸ್ಯಾವೇಜ್ 1955ರಲ್ಲಿ ಕೊಟ್ಟ ತೈಲಬಾವಿಯ ಉದಾಹರಣೆ ಇದಕ್ಕೆ ಪ್ರಸಿದ್ಧ. ಈಗಿರುವ ಪಂಪು ಎರಡು ವರ್ಷ ಹತ್ತತ್ತು ಸಾವಿರ ಡಾಲರ್ ಕೊಡುತ್ತದೆ. 1,600 ಡಾಲರ್ ಹಾಕಿ ಜೋರಾದ ಪಂಪು ಕೂರಿಸಿದರೆ ಅದೇ ಎಣ್ಣೆ ಒಂದೇ ವರ್ಷದಲ್ಲಿ ಹೊರಬಂದು ಇಪ್ಪತ್ತು ಸಾವಿರ ಒಟ್ಟಿಗೆ ಬರುತ್ತದೆ, ಎರಡನೆಯ ವರ್ಷ ಏನೂ ಇಲ್ಲ. ಕಳೆದು ನೋಡಿದರೆ 1,600 ಹೋಯಿತು, ಹತ್ತು ಸಾವಿರ ಬಂತು, ಹತ್ತು ಸಾವಿರ ಹೋಯಿತು. ಇದಕ್ಕೆ ಶೇಕಡಾ 25 ಕೂಡ ಉತ್ತರ, ಶೇಕಡಾ 400 ಕೂಡ ಉತ್ತರ. ಬಡ್ಡಿ 10 ಇದ್ದಾಗ ಹಳೆಯ ಪಂಪು ಒಳ್ಳೆಯದು, 50 ಇದ್ದಾಗ ಹೊಸದು, 500 ಇದ್ದಾಗ ಪುನಃ ಹಳೆಯದು. ಎಕ್ಸೆಲ್ ಮಾತ್ರ ತನಗೆ ಮೊದಲು ಸಿಕ್ಕ ಒಂದು ಉತ್ತರವನ್ನು ತೋರಿಸಿ ಸುಮ್ಮನಾಗುತ್ತದೆ. ಹಾಗಾಗಿ ವ್ಯತ್ಯಾಸದ ಕಂಬದಲ್ಲಿ ಕಳೆಯುವ ಗುರುತು ಎಷ್ಟು ಸಲ ಬಂದು ಹೋಗುತ್ತದೆ ಎಂದು ಮೊದಲು ಎಣಿಸಬೇಕು. ಗುಲಾಬಿ-ಹೆಬ್ಬೇವಿನಲ್ಲಿ ಐದು ಕಳೆಯುವ ಗುರುತು, ಆಮೇಲೆ ಒಂದು ಕೂಡುವ ಗುರುತು. ಒಂದೇ ತಿರುವು, ಆದ್ದರಿಂದ ಒಂದೇ ದರ. ಪಂಪಿನಲ್ಲಿ ತಿರುವು ಎರಡು. ತಿರುವು ಒಂದಕ್ಕಿಂತ ಹೆಚ್ಚಿದ್ದರೆ ನಿಮ್ಮ ಬಡ್ಡಿ ದರದಲ್ಲಿ ಎರಡೂ ಯೋಜನೆಗಳ ಎನ್‌ಪಿವಿ ನೇರವಾಗಿ ಹಾಕಿ, ಯಾವುದು ದೊಡ್ಡದೋ ನೋಡಿಬಿಡುವುದು ಸುರಕ್ಷಿತ.