ಆ ಮಳೆಗಾಲದ ಸ್ಟಾಕ್ ನೆನಪಿದೆಯಾ ಸರ್?

ಔಷಧ ವಿತರಕರೊಬ್ಬರ ಗೋದಾಮಿನಲ್ಲಿ ಹನ್ನೊಂದು ವರ್ಷ ಮ್ಯಾನೇಜರ್ ಆಗಿದ್ದೆ. ಅಲ್ಲಿಂದ ಬಿಟ್ಟು ಬಂದ ಮೇಲೂ ಹಳೆಯ ಹುಡುಗರು ಶಿಫಾರಸು ಪತ್ರ ಕೇಳುತ್ತಾರೆ. ಕೊಡಲು ಮನಸ್ಸಿದೆ. ಆದರೆ ಹೆಚ್ಚಿನವರು ಬರೆಯುವುದು ಎರಡೇ ಸಾಲು: 'ಸರ್, ರೆಕಮೆಂಡೇಶನ್ ಲೆಟರ್ ಬೇಕಿತ್ತು, ರೆಸ್ಯೂಮೆ ಕಳಿಸಿದ್ದೇನೆ.' ಮುಖ ನೆನಪಾಗುತ್ತದೆ, ಕೆಲಸ ನೆನಪಾಗುವುದಿಲ್ಲ. ಕೊನೆಗೆ 'ಪ್ರಾಮಾಣಿಕ, ಶ್ರಮಜೀವಿ' ಎಂದು ಬರೆದು ಕೈತೊಳೆದುಕೊಳ್ಳಬೇಕಾಗುತ್ತದೆ. ಯಾರಿಗೆ ಬೇಕಾದರೂ ಒಪ್ಪುವ ಆ ಮಾತಿನಿಂದ ಯಾರಿಗೂ ಸೀಟು ಸಿಗುವುದಿಲ್ಲ.

ವಿದೇಶದಲ್ಲಿ ಓದಲು ಅರ್ಜಿ ಹಾಕುತ್ತಿದ್ದ ಹುಡುಗಿಯೊಬ್ಬಳು ಬರೆದದ್ದು ಹೀಗಿತ್ತು:

'ಸರ್, ನಮಸ್ಕಾರ. ಮೂರು ವರ್ಷ ನಿಮ್ಮ ಕೈಕೆಳಗೆ ಸ್ಟಾಕ್ ನೋಡಿಕೊಂಡೆ. ಆ ಮಳೆಗಾಲ ಎಕ್ಸ್‌ಪೈರಿ ಆದ ಸಿರಪ್ ಬಾಟಲಿಗಳು ರಾಶಿ ರಾಶಿ ವಾಪಸು ಬಂದದ್ದು ನೆನಪಿರಬಹುದು. ಮೊದಲು ಬಂದ ಮಾಲಲ್ಲ, ಮೊದಲು ಅವಧಿ ಮುಗಿಯುವ ಮಾಲು ಹೊರಗೆ ಹೋಗಬೇಕೆಂದು ನೀವು ಹೇಳಿದಿರಿ. ಬ್ಯಾಚ್ ನಂಬರ್ ನೋಡಿ ರ‍್ಯಾಕ್‌ಗಳಿಗೆ ಬಣ್ಣದ ಚೀಟಿ ಅಂಟಿಸುವ ಪದ್ಧತಿ ನಾನು ಮಾಡಿದ್ದು. ಕಂಪ್ಯೂಟರ್‌ನಲ್ಲಿ ಅದನ್ನು ಕೂರಿಸಿದವರು ಬಿಲ್ಲಿಂಗ್‌ನವರು. ಮೊದಲ ವಾರ ಎರಡು ರ‍್ಯಾಕ್ ಅದಲುಬದಲಾಗಿ ನಿಮ್ಮಿಂದ ಬೈಸಿಕೊಂಡೆ. ಈ ಕೆಲಸದ ಬಗ್ಗೆ ನಾಲ್ಕು ಮಾತು ಬರೆಯಲು ಸಾಧ್ಯವೇ? ಕೊನೆಯ ದಿನಕ್ಕೆ ಇನ್ನೂ ನಾಲ್ಕು ವಾರ ಇದೆ. ಆಗದಿದ್ದರೆ ಸಂಕೋಚವಿಲ್ಲದೆ ಹೇಳಿ, ಬೇರೆಯವರನ್ನು ಕೇಳುತ್ತೇನೆ.'

ಓದುತ್ತಿದ್ದಂತೆ ಒದ್ದೆ ರಟ್ಟಿನ ಪೆಟ್ಟಿಗೆಗಳ ವಾಸನೆ ಬಂದಂತಾಯಿತು. ತನ್ನ ಪಾಲು ಯಾವುದು, ಬೇರೆಯವರದು ಯಾವುದು ಎಂದು ಅವಳು ಬಿಡಿಸಿ ಹೇಳಿದ್ದು ನನಗೆ ತುಂಬ ಉಪಕಾರವಾಯಿತು. ನಾಳೆ ಆ ವಿಶ್ವವಿದ್ಯಾಲಯದವರು ಫೋನ್ ಮಾಡಿದರೆ ಉತ್ತರ ಕೊಡಬೇಕಾದವನು ನಾನು. ಎಲ್ಲವನ್ನೂ ತಾನೇ ಮಾಡಿದೆ ಎಂದು ಅವಳು ಬರೆದಿದ್ದರೆ ನಾನು ಸಹಿ ಹಾಕುತ್ತಿರಲಿಲ್ಲ. ನಷ್ಟ ಇಷ್ಟು ಲಕ್ಷ ಇಳಿಯಿತು ಎಂಬ ಲೆಕ್ಕವನ್ನು ಅವಳು ಸೇರಿಸಿರಲಿಲ್ಲ. ಅದೂ ಸರಿಯೇ. ಆ ಲೆಕ್ಕ ಕಂಪನಿಯದು.

'ನೀವೇ ಬರೆದು ಕಳಿಸಿ, ಸಹಿ ಹಾಕುತ್ತೇನೆ' ಎನ್ನುವ ಮ್ಯಾನೇಜರ್‌ಗಳು ನಮ್ಮಲ್ಲಿ ಬಹಳ. ಅದಕ್ಕೆ ಒಪ್ಪಿಕೊಳ್ಳಬಾರದು. ಅರ್ಜಿದಾರರ ಸ್ವಂತ ಪ್ರಬಂಧದ ಶೈಲಿಯೇ ಶಿಫಾರಸಿನಲ್ಲೂ ಇದ್ದರೆ ಎರಡನ್ನೂ ಒಟ್ಟಿಗೆ ಓದುವವರಿಗೆ ತಿಳಿದುಹೋಗುತ್ತದೆ. ಈಕೆಯಂತೆ ಘಟನೆಗಳನ್ನು ನೆನಪಿಸಿ, ತೀರ್ಪನ್ನು ಮ್ಯಾನೇಜರ್‌ಗೇ ಬಿಡುವುದು ಸರಿ.

ಅವಳು ಇನ್ನೊಂದು ಮಾತು ಕೇಳಿದ್ದಳು: 'ಯಾವ ಇಮೇಲ್ ವಿಳಾಸ ಕೊಡಲಿ ಸರ್?' ಅನೇಕ ವಿಶ್ವವಿದ್ಯಾಲಯಗಳು ಶಿಫಾರಸು ಬರೆಯುವವರಿಗೇ ನೇರವಾಗಿ ಲಿಂಕ್ ಕಳಿಸುತ್ತವೆ. ಅದಕ್ಕೂ ಹಿಂದೆ ಒಬ್ಬ ಹುಡುಗ ಕೇಳದೆಯೇ ನನ್ನ ಹಳೆಯ ಆಫೀಸಿನ ವಿಳಾಸ ತುಂಬಿದ್ದ. ಆ ವಿಳಾಸ ಎಂದೋ ಮುಚ್ಚಿಹೋಗಿತ್ತು. ಲಿಂಕ್ ನನ್ನ ಕೈಸೇರಲೇ ಇಲ್ಲ, ಕೊನೆಯ ದಿನ ದಾಟಿಹೋಯಿತು.

ಈಕೆಯ ಪತ್ರ ಬರೆಯಲು ಕುಳಿತಾಗ, ಅವಳು ಹೇಳದೇ ಇದ್ದದ್ದೊಂದು ನನಗೇ ನೆನಪಾಯಿತು. ರ‍್ಯಾಕ್ ಅದಲುಬದಲಾದ ಆ ದಿನ ಅವಧಿ ಮುಗಿಯಲಿದ್ದ ಮಾಲು ಅಂಗಡಿಗಳಿಗೆ ಹೋಗಿತ್ತು. ಸಂಜೆ ಎಲ್ಲರೂ ಮನೆಗೆ ಹೋದ ಮೇಲೂ ಅವಳು ಕುಳಿತು ಒಂದೊಂದೇ ಅಂಗಡಿಗೆ ಫೋನ್ ಮಾಡಿ, ಬ್ಯಾಚ್ ನಂಬರ್ ಓದಿ ಹೇಳುತ್ತಿದ್ದಳು. ನನ್ನ ಪತ್ರವನ್ನು ಅಲ್ಲಿಂದಲೇ ಆರಂಭಿಸಿದೆ.