ಮಾವು ಮುಟ್ಟಬಾರದು, ನೇರಳೆ ಎಷ್ಟಾದರೂ ತಿನ್ನಬಹುದು: ನಿಜವೇ?

ಏಪ್ರಿಲ್ ಬಂತೆಂದರೆ ಸಕ್ಕರೆ ಕಾಯಿಲೆ ಇರುವವರ ಮನೆಯಲ್ಲಿ ಒಂದು ಅಲಿಖಿತ ಕಾನೂನು ಜಾರಿಗೆ ಬರುತ್ತದೆ. ಬಾದಾಮಿ ಮಾವು ಮಕ್ಕಳಿಗೆ ಮಾತ್ರ, ಅಜ್ಜನಿಗೆ ಇಲ್ಲ. ಜೂನ್‌ನಲ್ಲಿ ನೇರಳೆ ಬಂದಾಗ ಅದೇ ಅಜ್ಜನ ಮುಂದೆ ಬಟ್ಟಲು ತುಂಬ ಹಣ್ಣು ಇಡುತ್ತಾರೆ. ಎರಡೂ ತಪ್ಪು ಲೆಕ್ಕ.

ನಾಲಿಗೆಗೆ ಸಿಹಿ ಎನಿಸಿದ್ದರಲ್ಲೇ ಸಕ್ಕರೆ ಹೆಚ್ಚು ಎಂಬ ನಂಬಿಕೆ ಇದರ ಮೂಲ. ನೂರು ಗ್ರಾಂ ಮಾವಿನ ತಿರುಳಿನಲ್ಲಿ ಸುಮಾರು 15 ಗ್ರಾಂ ಪಿಷ್ಟ-ಸಕ್ಕರೆ ಇರುತ್ತದೆ. ಒಗರಿನಿಂದಾಗಿ ಸಿಹಿ ಅಷ್ಟಾಗಿ ಗೊತ್ತಾಗದ ನೇರಳೆಯಲ್ಲೂ ಅದು 14 ಗ್ರಾಂ ಆಸುಪಾಸು. ಸೀಬೆಯದ್ದೂ ಹೆಚ್ಚುಕಡಿಮೆ ಅಷ್ಟೇ, ಆದರೆ ಅದರಲ್ಲಿ ನಾರು ಬಹಳ ಇರುವುದರಿಂದ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಹಲಸಿನ ತೊಳೆ, ಸೀತಾಫಲಗಳಲ್ಲಿ ನೂರು ಗ್ರಾಂಗೆ 20 ಗ್ರಾಂ ದಾಟುತ್ತದೆ. ಹಾಗಾಗಿ ಹಣ್ಣಿನ ಜಾತಿ ಮುಖ್ಯ ನಿಜ, ಆದರೆ ಎಷ್ಟು ತಿಂದಿರಿ ಎಂಬುದು ಅದಕ್ಕಿಂತ ಮುಖ್ಯ. ಒಂದು ಸಲಕ್ಕೆ ಹಣ್ಣಿನಿಂದ ಬರುವ ಸಕ್ಕರೆ ಸುಮಾರು 15 ಗ್ರಾಂ ಮೀರದಂತೆ ನೋಡಿಕೊಳ್ಳುವುದು ಒಳ್ಳೆಯ ಅಳತೆ. ಒಂದು ಏಲಕ್ಕಿ ಬಾಳೆ ಈ ಮಿತಿಯೊಳಗಿದೆ. ದೊಡ್ಡ ಪಚ್ಚಬಾಳೆ ಒಂದೇ ಆದರೂ 25 ಗ್ರಾಂ ದಾಟಿಬಿಡುತ್ತದೆ. 'ಒಂದು ಬಾಳೆಹಣ್ಣು' ಎಂದು ಎಣಿಸಿ ತಿನ್ನುವವರು ಮೋಸಹೋಗುವುದು ಇಲ್ಲೇ.

ಇನ್ನು ಮಾವಿನ ಲೆಕ್ಕ ಹಾಕಿ ನೋಡೋಣ. ಕಾಲು ಕಿಲೋ ತೂಗುವ ಬಾದಾಮಿ ಹಣ್ಣಿನಲ್ಲಿ ಸಿಪ್ಪೆ, ವಾಟೆ ಕಳೆದರೆ 170 ಗ್ರಾಂನಷ್ಟು ತಿರುಳು ಸಿಗುತ್ತದೆ, ಅಂದರೆ 25 ಗ್ರಾಂ ಸಕ್ಕರೆ. ಮಧ್ಯಾಹ್ನ ಒಂದು ರಾಗಿ ಮುದ್ದೆ ಉಂಡು, ಮೇಲೆ ಒಂದು ಬಟ್ಟಲು ಅನ್ನ-ಸಾರು ಉಂಡವರ ಹೊಟ್ಟೆಗೆ ಆಗಲೇ 90 ಗ್ರಾಂನಷ್ಟು ಪಿಷ್ಟ ಸೇರಿರುತ್ತದೆ. ಅದರ ಮೇಲೆ ಇಡೀ ಮಾವು ಬಿದ್ದರೆ 115. ಸಂಜೆ ಮೀಟರ್ 250 ತೋರಿಸಿದಾಗ ಎಲ್ಲರೂ ಬೈಯುವುದು ಮಾವನ್ನು, ಅನ್ನವನ್ನಲ್ಲ! ಅದೇ ವ್ಯಕ್ತಿ ಮಧ್ಯಾಹ್ನ ಹಣ್ಣು ಬಿಟ್ಟು, ಸಂಜೆ ನಾಲ್ಕೂವರೆಗೆ ಬಿಸ್ಕತ್ತಿನ ಬದಲು ಅರ್ಧ ಮಾವನ್ನು ಒಂದು ಹಿಡಿ ಕಡಲೆಕಾಯಿಯ ಜೊತೆ ತಿಂದರೆ ಮಾವಿನಿಂದ ಬರುವುದು 12–13 ಗ್ರಾಂ ಮಾತ್ರ. ಊಟದ ಜೊತೆಗೇ ಬೇಕೆಂದರೆ ಆ ದಿನ ಅನ್ನದಲ್ಲಿ ಒಂದು ಪಾಲು ಬಿಡಬೇಕು. ಹಣ್ಣು ಊಟದ ಲೆಕ್ಕದೊಳಗೇ ಬರಬೇಕು, ಅದರ ಮೇಲೆ ಅಲ್ಲ.

ಹೊತ್ತಿನ ಬಗ್ಗೆಯೂ ಬೇಕಾದಷ್ಟು ಮಾತುಗಳಿವೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ತಿಂದರೆ ಸಕ್ಕರೆ ಏರದು ಎಂಬುದು ಈಗ ಹೆಚ್ಚು ಕೇಳಿಬರುವುದು. ಆಗುವುದು ಬಹುತೇಕ ಇದಕ್ಕೆ ವಿರುದ್ಧ. ನಸುಕಿನಲ್ಲಿ ಕಾರ್ಟಿಸಾಲ್‌ನಂಥ ಹಾರ್ಮೋನುಗಳು ಏರಿ, ಯಕೃತ್ತು ತಾನೇ ರಕ್ತಕ್ಕೆ ಸಕ್ಕರೆ ಬಿಡುತ್ತದೆ, ಇನ್ಸುಲಿನ್ ಆಗ ಅಷ್ಟು ಚೆನ್ನಾಗಿ ಕೆಲಸ ಮಾಡದು. ಹಾಗಾಗಿ ಬೆಳಗಿನ ಒಂದು ಬಟ್ಟಲು ಹಣ್ಣು ಅನೇಕರಲ್ಲಿ ಸಂಜೆಯದ್ದಕ್ಕಿಂತ ಹೆಚ್ಚು ಏರಿಸುತ್ತದೆ. ರಾತ್ರಿ ಹಣ್ಣು ವಿಷ ಎನ್ನುವುದೂ ಸರಿಯಲ್ಲ. ಊಟವಾದ ಮೇಲೆ ಬಾಳೆಹಣ್ಣು ತಿಂದು, ನಾಲ್ಕು ಹೆಜ್ಜೆಯೂ ನಡೆಯದೆ ಮಲಗುವುದರಲ್ಲಿ ತೊಂದರೆ ಇದೆ, ಗಡಿಯಾರದಲ್ಲಿ ಇಲ್ಲ. ಹನ್ನೊಂದು ಗಂಟೆ ಅಥವಾ ಸಂಜೆ ನಾಲ್ಕು–ಐದು ಗಂಟೆ ಬಹಳ ಜನಕ್ಕೆ ಒಗ್ಗುತ್ತದೆ.

ನಿಮ್ಮ ದೇಹಕ್ಕೆ ಒಗ್ಗುತ್ತದೆಯೇ ಎಂದು ಊಹಿಸಬೇಕಾಗಿಲ್ಲ. ಹಣ್ಣು ತಿನ್ನುವ ಮುಂಚೆ ಒಮ್ಮೆ, ತಿನ್ನಲು ಶುರುಮಾಡಿ ಎರಡು ಗಂಟೆಯ ನಂತರ ಒಮ್ಮೆ ಗ್ಲೂಕೋಮೀಟರ್‌ನಲ್ಲಿ ನೋಡಿ. ಎರಡನೆಯದು 180ರ ಒಳಗಿದ್ದರೆ ಸಾಮಾನ್ಯವಾಗಿ ಆ ಹಣ್ಣು, ಆ ಅಳತೆ, ಆ ಹೊತ್ತು ಸರಿ. ದಾಟಿದರೆ ಮುಂದಿನ ಸಲ ಅರ್ಧ ಮಾಡಿ ನೋಡಿ. ಒಂದೇ ದಿನದ ಅಂಕಿ ನೋಡಿ ತೀರ್ಮಾನಕ್ಕೆ ಬರಬೇಡಿ. ನಿದ್ದೆಗೆಟ್ಟ ದಿನ, ಜ್ವರ ಬಂದ ದಿನ ಅದೇ ಹಣ್ಣು ಬೇರೆ ಅಂಕಿ ಕೊಡುತ್ತದೆ.

ಜ್ಯೂಸಿನ ವಿಷಯಕ್ಕೆ ಬಂದರೆ, ಸಕ್ಕರೆ ಹಾಕದ ಜ್ಯೂಸ್ ಹಣ್ಣಿಗೆ ಸಮ ಎಂಬ ನಂಬಿಕೆಯನ್ನು ಬಿಟ್ಟುಬಿಡಬೇಕು. ಒಂದು ಲೋಟಕ್ಕೆ ಮೂರು ಮೂಸಂಬಿ ಹಿಂಡಿ, ಸೋಸಿದಾಗ ನಾರಿನ ಬಹುಪಾಲು ಜರಡಿಯಲ್ಲೇ ಉಳಿಯುತ್ತದೆ, ಸಕ್ಕರೆ ಬೇಗ ರಕ್ತಕ್ಕೆ ಸೇರುತ್ತದೆ. ಇದೇ ಗುಣ ಸಕ್ಕರೆ 70ಕ್ಕಿಂತ ಕೆಳಗಿಳಿದು ಕೈ ನಡುಗಿ, ಬೆವತಾಗ ಪ್ರಯೋಜನಕ್ಕೆ ಬರುತ್ತದೆ. ಆಗ ಇಡೀ ಹಣ್ಣು ತಡವಾಗಿ ಕೆಲಸ ಮಾಡುತ್ತದೆ, ಅರ್ಧ ಲೋಟ ಜ್ಯೂಸ್ ಬೇಗ ಮಾಡುತ್ತದೆ. ಕಿಡ್ನಿಯ ತೊಂದರೆಯೂ ಇದ್ದರೆ ಬಾಳೆಹಣ್ಣು, ಕಿತ್ತಳೆ, ಎಳನೀರಿನ ಪೊಟ್ಯಾಶಿಯಂ ಬೇರೆಯೇ ಪ್ರಶ್ನೆ. ಅಂಥವರು ಮೇಲಿನ ಅಳತೆ ಅನುಸರಿಸುವ ಮುನ್ನ ವೈದ್ಯರನ್ನು ಕೇಳಲೇಬೇಕು.